ಕಂಪನಿ ಮುಳುಗಿದರೆ ಯಾರ ಮನೆ ಹರಾಜಾಗುತ್ತದೆ?

ಕಂಪನಿಯೊಂದು ಸಾಲ ತೀರಿಸಲಾರದೆ ದಿವಾಳಿ ಪ್ರಕ್ರಿಯೆಗೆ ಹೋಗುತ್ತದೆ. ಕೆಲವೇ ದಿನಗಳಲ್ಲಿ ಅದೇ ಕಂಪನಿಯ ಪ್ರವರ್ತಕರ ಸ್ವಂತ ಆಸ್ತಿಯ ಮೇಲೂ ಬ್ಯಾಂಕು ಕ್ರಮಕ್ಕೆ ಮುಂದಾಗಿದೆ ಎಂಬ ಸುದ್ದಿ ಬರುತ್ತದೆ. ಬಿ.ಕಾಂ. ಮೊದಲ ವರ್ಷದ ವಿದ್ಯಾರ್ಥಿಗೆ ಇದು ಗೊಂದಲದ ಸುದ್ದಿ. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಷೇರುದಾರರ ಹೊಣೆ ಸೀಮಿತ, ಏಕಮಾಲೀಕತ್ವದಲ್ಲೂ ಪಾಲುದಾರಿಕೆಯಲ್ಲೂ ಅಪರಿಮಿತ ಎಂದು ಪಠ್ಯದಲ್ಲಿ ಓದಿರುತ್ತಾನೆ. ಹೊಣೆ ಸೀಮಿತ ಎಂದಮೇಲೆ ಮನೆಯ ಬಾಗಿಲಿಗೆ ನೋಟಿಸು ಬಂದದ್ದು ಹೇಗೆ?

ಈ ಸುದ್ದಿಗಳ ಹಿಂದೆ ಕಾನೂನಿನ ಒಂದು ಬೆಳವಣಿಗೆ ಇದೆ. ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರನ್ನೂ 2016ರ ದಿವಾಳಿ ಸಂಹಿತೆಯ ವ್ಯಾಪ್ತಿಗೆ ತರುವ ನಿಯಮಗಳು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದವು. ಅದನ್ನು ಪ್ರಶ್ನಿಸಿ ಹಲವರು ಸುಪ್ರೀಂ ಕೋರ್ಟಿಗೆ ಹೋದರು. 2021ರ ಮೇ ತಿಂಗಳಲ್ಲಿ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಕೋರ್ಟು ಸರ್ಕಾರದ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಜಾಮೀನುದಾರರಿಗೆ ಸಂಬಂಧಿಸಿದ ವಿಧಿಗಳ ಸಿಂಧುತ್ವವನ್ನು 2023ರ ನವೆಂಬರ್‌ನಲ್ಲಿ ಮತ್ತೊಂದು ತೀರ್ಪು ಒಪ್ಪಿಕೊಂಡಿತು.

ಇವುಗಳಿಂದ ಸೀಮಿತ ಹೊಣೆಯ ತತ್ವ ಬದಲಾಗಿಲ್ಲ. ಅದು ಎಲ್ಲಿಯವರೆಗೆ ಕಾಪಾಡುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಸ್ಪಷ್ಟವಾಗಿದೆ ಅಷ್ಟೆ. ಮೂರು ಬಗೆಯ ಸಂಸ್ಥೆಗಳ ವ್ಯತ್ಯಾಸ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಪರೀಕ್ಷೆಗೆಂದು ಹತ್ತು ಸಾಲಿನ ಕೋಷ್ಟಕ ಬಾಯಿಪಾಠ ಮಾಡುವವರು ಒಂದು ವಿಷಯ ಗಮನಿಸುವುದಿಲ್ಲ: ಆ ಹತ್ತರಲ್ಲಿ ಬಹುಪಾಲು ಸಾಲುಗಳು ಒಂದೇ ಪ್ರಶ್ನೆಯ ಉತ್ತರಗಳು. ಆ ಪ್ರಶ್ನೆ, ಸಾಲ ಯಾರದ್ದು?

ಸಾಲ ಮಾಡಿದ್ದು ಯಾರು?

ಏಕಮಾಲೀಕತ್ವದಲ್ಲಿ ವ್ಯಾಪಾರಕ್ಕೆ ಬೇರೆ ಹೆಸರು ಇರಬಹುದು, ಬೋರ್ಡು ಇರಬಹುದು, ಆ ಹೆಸರಿನಲ್ಲೇ ಬ್ಯಾಂಕಿನಲ್ಲಿ ಚಾಲ್ತಿ ಖಾತೆಯೂ ಇರಬಹುದು. ಆದರೂ ಕಾನೂನಿನ ಕಣ್ಣಿಗೆ ಅಲ್ಲಿ ಕಾಣುವುದು ಒಬ್ಬನೇ ಮನುಷ್ಯ. ವ್ಯಾಪಾರದ ಸಾಲ ಅವನ ಸಾಲ, ವ್ಯಾಪಾರದ ಆಸ್ತಿ ಅವನ ಆಸ್ತಿ. ಇದಕ್ಕಾಗಿ ಪ್ರತ್ಯೇಕ ಕಾಯ್ದೆಯೂ ಇಲ್ಲ, ಸ್ಥಾಪನೆಯ ನೋಂದಣಿಯೂ ಇಲ್ಲ. ಜಿಎಸ್‌ಟಿ ನೋಂದಣಿ, ಅಂಗಡಿ ಪರವಾನಗಿ ಮುಂತಾದವು ಆ ಕಸುಬಿಗೆ ಬೇಕಾದ ಅನುಮತಿಗಳು. ಅವು ಹೊಸ ವ್ಯಕ್ತಿಯೊಬ್ಬನನ್ನು ಹುಟ್ಟಿಸುವುದಿಲ್ಲ.

ಇಲ್ಲೊಂದು ಗೊಂದಲ ಸಹಜವಾಗಿ ಏಳುತ್ತದೆ. ಅಕೌಂಟೆನ್ಸಿ ತರಗತಿಯಲ್ಲಿ ವ್ಯಾಪಾರ ಬೇರೆ, ಮಾಲೀಕ ಬೇರೆ ಎಂದು ಕಲಿಸುತ್ತಾರೆ. ಅದಕ್ಕೇ ಮಾಲೀಕ ಹಾಕಿದ ಬಂಡವಾಳವನ್ನು ಹೊಣೆಗಳ ಕಡೆ ಬರೆಯುತ್ತೇವೆ. ಅದು ಲೆಕ್ಕ ಇಡುವ ಅನುಕೂಲಕ್ಕೆ ಮಾಡಿಕೊಂಡ ಕಲ್ಪನೆ. ಕೋರ್ಟಿನಲ್ಲಿ ಅದು ನಡೆಯುವುದಿಲ್ಲ. ಏಕಮಾಲೀಕತ್ವಕ್ಕೆ ಪ್ರತ್ಯೇಕ ಕಾನೂನಾತ್ಮಕ ಅಸ್ತಿತ್ವ ಇದೆ ಎಂದು ಉತ್ತರ ಪತ್ರಿಕೆಯಲ್ಲಿ ಬರೆಯುವವರು ಈ ಎರಡನ್ನು ಕಲಸಿಕೊಂಡಿರುತ್ತಾರೆ.

ಪಾಲುದಾರಿಕೆ ಸಂಸ್ಥೆ, ಅಂದರೆ ಫರ್ಮ್, ನಡುವಿನ ಸ್ಥಿತಿಯಲ್ಲಿದೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 4ನೇ ಕಲಂ ಪಾಲುದಾರಿಕೆಯನ್ನು ವ್ಯಕ್ತಿಗಳ ನಡುವಿನ ಸಂಬಂಧ ಎನ್ನುತ್ತದೆ. ಎಲ್ಲರೂ ಸೇರಿ, ಅಥವಾ ಎಲ್ಲರ ಪರವಾಗಿ ಒಬ್ಬರು, ನಡೆಸುವ ವ್ಯವಹಾರದ ಲಾಭ ಹಂಚಿಕೊಳ್ಳಲು ಒಪ್ಪಿದವರ ಸಂಬಂಧ ಅದು. ಫರ್ಮ್ ಎಂಬುದು ಆ ಪಾಲುದಾರರೆಲ್ಲರಿಗೆ ಒಟ್ಟಾಗಿ ಇಟ್ಟ ಹೆಸರು. ಆದ್ದರಿಂದ ಫರ್ಮಿನ ಸಾಲ ಎಂದರೆ ಪಾಲುದಾರರ ಸಾಲವೇ. ಆದಾಯ ತೆರಿಗೆ ಕಾನೂನು ಮಾತ್ರ ತನ್ನ ಕೆಲಸಕ್ಕಾಗಿ ಫರ್ಮನ್ನು ಬೇರೆ ತೆರಿಗೆದಾರ ಎಂದು ಎಣಿಸುತ್ತದೆ. ಅಷ್ಟರಿಂದ ಪಾಲುದಾರರ ಹೊಣೆ ಕಡಿಮೆಯಾಗುವುದಿಲ್ಲ.

ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಚಿತ್ರ ಪೂರ್ತಿ ಬೇರೆ. 2013ರ ಕಂಪನಿಗಳ ಕಾಯ್ದೆಯ ಪ್ರಕಾರ ನೋಂದಣಿಯಾಗಿ ಸಂಸ್ಥಾಪನಾ ಪ್ರಮಾಣಪತ್ರ ಬಂದ ದಿನದಿಂದ ಕಂಪನಿಯೇ ಒಬ್ಬ ವ್ಯಕ್ತಿ. ತನ್ನ ಹೆಸರಿನಲ್ಲಿ ಆಸ್ತಿ ಕೊಳ್ಳುತ್ತದೆ, ಸಾಲ ಮಾಡುತ್ತದೆ, ದಾವೆ ಹೂಡುತ್ತದೆ. ಸಾಲಗಾರ ಕಂಪನಿ, ಷೇರುದಾರನಲ್ಲ. ಅದೇ ಕಾರಣಕ್ಕೆ ಕಂಪನಿಯ ಕಟ್ಟಡವೂ ಷೇರುದಾರನದ್ದಲ್ಲ, ಅವನ ಬಳಿ ನೂರಕ್ಕೆ ತೊಂಬತ್ತೊಂಬತ್ತು ಷೇರು ಇದ್ದರೂ ಅಲ್ಲ.

ಈ ತತ್ವ ಗಟ್ಟಿಯಾದದ್ದು ಇಂಗ್ಲೆಂಡಿನ ಸಾಲೊಮನ್ ಪ್ರಕರಣದಲ್ಲಿ. ಲಂಡನ್ನಿನಲ್ಲಿ ಬೂಟು ತಯಾರಿಸುತ್ತಿದ್ದ ಏರಾನ್ ಸಾಲೊಮನ್ 1892ರಲ್ಲಿ ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ. ಆಗ ಕಂಪನಿಗೆ ಏಳು ಸದಸ್ಯರು ಬೇಕಿತ್ತು. ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳು ತಲಾ ಒಂದು ಷೇರು ಹಿಡಿದರು, ಉಳಿದ 20,001 ಷೇರು ಅವನವೇ. ಮಾರಾಟದ ಬೆಲೆಯಲ್ಲಿ 10,000 ಪೌಂಡನ್ನು ಆತ ಭದ್ರತೆಯುಳ್ಳ ಸಾಲಪತ್ರವಾಗಿ ಪಡೆದಿದ್ದ. ಅಂದರೆ ತನ್ನದೇ ಕಂಪನಿಗೆ ತಾನೇ ಸಾಲ ಕೊಟ್ಟವನಾದ. ಕಂಪನಿ ಮುಳುಗಿತು. ಇದೆಲ್ಲ ಬರೀ ನಾಟಕ, ಕಂಪನಿಯ ಸಾಲವನ್ನು ಸಾಲೊಮನ್ನನೇ ತೀರಿಸಬೇಕು ಎಂಬ ವಾದವನ್ನು ಕೆಳಗಿನ ಕೋರ್ಟುಗಳು ಒಪ್ಪಿದವು. ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಕ್ರಮಬದ್ಧವಾಗಿ ನೋಂದಣಿಯಾದ ಕಂಪನಿ ಅದರ ಸದಸ್ಯರಿಂದ ಬೇರೆಯಾದ ವ್ಯಕ್ತಿ ಎಂದಿತು. ಭದ್ರತೆ ಇಲ್ಲದೆ ಸಾಲ ಕೊಟ್ಟಿದ್ದವರ ಕೈಗೆ ಏನೂ ಬರಲಿಲ್ಲ. ಈ ಕೊನೆಯ ಸಂಗತಿಯನ್ನು ಪಠ್ಯಗಳು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ. ಸೀಮಿತ ಹೊಣೆಯ ನಿಜವಾದ ಪರಿಣಾಮ ಅಲ್ಲೇ ಇರುವುದು.

ಒಂದೇ ನಷ್ಟ, ಮೂರು ಲೆಕ್ಕ

ಒಂದು ವ್ಯಾಪಾರವನ್ನು ಕಲ್ಪಿಸಿಕೊಳ್ಳೋಣ. ಮಾಲೀಕರು ಹಾಕಿದ ಬಂಡವಾಳ 10 ಲಕ್ಷ ರೂಪಾಯಿ. ಬ್ಯಾಂಕಿನಿಂದ ಸರಕು ಮತ್ತು ಯಂತ್ರಗಳನ್ನು ಭದ್ರತೆಯಾಗಿಟ್ಟು ತಂದ ಸಾಲ 20 ಲಕ್ಷ. ಸರಕು ಪೂರೈಸಿದ ವ್ಯಾಪಾರಿಗಳಿಗೆ ಕೊಡಬೇಕಾದ ಬಾಕಿ 10 ಲಕ್ಷ, ಇದಕ್ಕೆ ಭದ್ರತೆ ಏನೂ ಇಲ್ಲ. ಒಟ್ಟು 40 ಲಕ್ಷ ತೊಡಗಿಸಿದ ವ್ಯಾಪಾರ ನೆಲಕಚ್ಚಿತು. ಇದ್ದಬದ್ದದ್ದೆಲ್ಲ ಮಾರಿದಾಗ ಕೈಗೆ ಬಂದದ್ದು 18 ಲಕ್ಷ. ಮುಚ್ಚುವ ಖರ್ಚು, ನೌಕರರ ಬಾಕಿ, ತೆರಿಗೆ ಯಾವುದೂ ಇಲ್ಲವೆಂದುಕೊಳ್ಳೋಣ, ಲೆಕ್ಕ ಸರಳವಾಗಿರಲಿ.

ಭದ್ರತೆ ಬ್ಯಾಂಕಿನದ್ದಾದ್ದರಿಂದ ಆ 18 ಲಕ್ಷ ಬ್ಯಾಂಕಿಗೇ ಹೋಗುತ್ತದೆ. ಬ್ಯಾಂಕಿಗೆ ಇನ್ನೂ 2 ಲಕ್ಷ, ಪೂರೈಕೆದಾರರಿಗೆ ಪೂರ್ತಿ 10 ಲಕ್ಷ, ಒಟ್ಟು 12 ಲಕ್ಷ ಬಾಕಿ ಉಳಿಯಿತು. ಇಲ್ಲಿಯವರೆಗೆ ಮೂರು ಬಗೆಯ ಸಂಸ್ಥೆಗಳಲ್ಲೂ ಕಥೆ ಒಂದೇ. ಆ 12 ಲಕ್ಷವನ್ನು ಯಾರು ಹೊರುತ್ತಾರೆ ಎಂಬಲ್ಲಿ ದಾರಿಗಳು ಕವಲೊಡೆಯುತ್ತವೆ.

ಏಕಮಾಲೀಕತ್ವವಾದರೆ ಹೆಚ್ಚು ಯೋಚಿಸಬೇಕಾದ್ದಿಲ್ಲ. ಮಾಲೀಕನ 10 ಲಕ್ಷ ಬಂಡವಾಳ ಹೋಯಿತು, ಮೇಲೆ 12 ಲಕ್ಷಕ್ಕೆ ಅವನ ಮನೆ, ಜಮೀನು, ಬ್ಯಾಂಕ್ ಠೇವಣಿಯ ಮೇಲೆ ಕೋರ್ಟಿನ ಮೂಲಕ ಕೈಹಾಕಬಹುದು. ಉಟ್ಟಬಟ್ಟೆ, ಅಡುಗೆ ಪಾತ್ರೆ, ಕಸುಬುದಾರನ ಉಪಕರಣ ಇಂಥ ಕೆಲವನ್ನು ಜಪ್ತಿ ಮಾಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳುತ್ತದೆ. ಹೊಣೆಗೆ ಮಾತ್ರ ಮಿತಿ ಇಲ್ಲ.

ಪಾಲುದಾರನ ಕಷ್ಟ

ಪಾಲುದಾರಿಕೆಯ ಲೆಕ್ಕದಲ್ಲಿ ಸ್ವಲ್ಪ ನಿಲ್ಲಬೇಕು. ಪರೀಕ್ಷೆಯಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. 'ಎ' ಮತ್ತು 'ಬಿ' ಸಮಪಾಲಿನ ಪಾಲುದಾರರು, ತಲಾ 5 ಲಕ್ಷ ಬಂಡವಾಳ ಹಾಕಿದ್ದಾರೆ ಎನ್ನೋಣ. ಬಾಕಿ 12 ಲಕ್ಷ. ಎ 6 ಲಕ್ಷ, ಬಿ 6 ಲಕ್ಷ ಕೊಡಬೇಕು, ಅಲ್ಲಿಗೆ ಮುಗಿಯಿತು ಎಂದು ಬರೆದರೆ ಉತ್ತರ ತಪ್ಪು.

ಕಾಯ್ದೆಯ 25ನೇ ಕಲಂ ಪ್ರಕಾರ ಪಾಲುದಾರರ ಹೊಣೆ ಜಂಟಿಯೂ ಹೌದು, ಪ್ರತ್ಯೇಕವೂ ಹೌದು. ಅಂದರೆ ತಾನು ಪಾಲುದಾರನಾಗಿದ್ದಾಗ ಫರ್ಮ್ ಮಾಡಿದ ಪೂರ್ತಿ ಸಾಲಕ್ಕೆ ಪ್ರತಿಯೊಬ್ಬನೂ ಉತ್ತರಿಸಬೇಕು. ಸಮಪಾಲು ಎಂಬುದು ಅವರಿಬ್ಬರ ನಡುವಿನ ಮಾತು. ಹೊರಗಿನವನಿಗೆ ಅದು ಸಂಬಂಧಿಸಿದ್ದಲ್ಲ. ಸಾಲ ಕೊಟ್ಟವನು ಹಣ ಇರುವವನ ಬಾಗಿಲನ್ನೇ ತಟ್ಟುತ್ತಾನೆ.

ಎ ಬಳಿ 15 ಲಕ್ಷದ ಸ್ವಂತ ಆಸ್ತಿ ಇದೆ, ಫರ್ಮಿಗೆ ಸಂಬಂಧಿಸದ ಸ್ವಂತ ಸಾಲ 5 ಲಕ್ಷ ಇದೆ. ಬಿ ಬಳಿ ಇರುವುದು 2 ಲಕ್ಷದ ಆಸ್ತಿ, ಸ್ವಂತ ಸಾಲವಿಲ್ಲ. ಇಂಥಲ್ಲಿ 49ನೇ ಕಲಂ ಕೆಲಸಕ್ಕೆ ಬರುತ್ತದೆ. ಫರ್ಮಿನ ಆಸ್ತಿ ಮೊದಲು ಫರ್ಮಿನ ಸಾಲಕ್ಕೆ, ಸ್ವಂತ ಆಸ್ತಿ ಮೊದಲು ಸ್ವಂತ ಸಾಲಕ್ಕೆ, ಮಿಕ್ಕಿದ್ದು ಇನ್ನೊಂದಕ್ಕೆ ಎಂಬುದು ಅದರ ಕ್ರಮ. ಎ ಆಸ್ತಿಯಲ್ಲಿ ಸ್ವಂತ ಸಾಲ ಕಳೆದು ಮಿಗುವುದು 10 ಲಕ್ಷ. ಬಿ ಕಡೆಯಿಂದ 2 ಲಕ್ಷ. ಎರಡೂ ಸೇರಿ 12 ಲಕ್ಷ, ಬಾಕಿ ತೀರಿತು.

ಆದರೆ ಎ ಕೊಡಬೇಕಾದ ಪಾಲು 6 ಲಕ್ಷ, ಕೊಟ್ಟದ್ದು 10 ಲಕ್ಷ. ಹೆಚ್ಚು ಕೊಟ್ಟ 4 ಲಕ್ಷವನ್ನು ಬಿ ಇಂದ ಕೇಳುವ ಹಕ್ಕು ಅವನಿಗಿದೆ. ಬಿ ಬಳಿ ಕಾಸಿಲ್ಲದ್ದರಿಂದ ಸದ್ಯಕ್ಕೆ ಆ ಹಕ್ಕು ಕಾಗದದ ಮೇಲಷ್ಟೇ. ಇಬ್ಬರ ಪಾಲೂ ಸಮ, ಪೆಟ್ಟು ಮಾತ್ರ ಆಸ್ತಿ ಉಳ್ಳವನಿಗೆ. ಈ ದೃಷ್ಟಿಯಿಂದ ನೋಡಿದರೆ ಪಾಲುದಾರಿಕೆ ಏಕಮಾಲೀಕತ್ವಕ್ಕಿಂತ ಹೆಚ್ಚು ಅಪಾಯದ್ದು. ಏಕಮಾಲೀಕ ತನ್ನ ತಪ್ಪಿಗೆ ಮಾತ್ರ ದಂಡ ತೆರುತ್ತಾನೆ. ಪಾಲುದಾರ ಇನ್ನೊಬ್ಬನ ತಪ್ಪಿಗೂ ತೆರಬೇಕು, ಏಕೆಂದರೆ 18ನೇ ಕಲಂ ಪ್ರಕಾರ ಫರ್ಮಿನ ವ್ಯವಹಾರದ ಮಟ್ಟಿಗೆ ಪ್ರತಿಯೊಬ್ಬ ಪಾಲುದಾರನೂ ಫರ್ಮಿನ ಏಜೆಂಟ್. ಬಿ ಒಬ್ಬನೇ ಹೋಗಿ ಫರ್ಮಿನ ಹೆಸರಿನಲ್ಲಿ ಎಂದಿನಂತೆ ಸರಕು ಕಡ ತಂದರೂ ಅದು ಎ ತಲೆಗೂ ಬರುತ್ತದೆ.

ಬಿಟ್ಟುಹೋದರೂ ಬಿಡುಗಡೆ ಸುಲಭವಲ್ಲ. ನಿವೃತ್ತನಾದ ಪಾಲುದಾರ ಸಾರ್ವಜನಿಕ ನೋಟಿಸು ಕೊಡದಿದ್ದರೆ, ಅವನು ಪಾಲುದಾರನಾಗಿದ್ದನೆಂದು ತಿಳಿದು ವ್ಯವಹರಿಸಿದ ಹೊರಗಿನವರಿಗೆ, ನಿವೃತ್ತಿಯ ನಂತರದ ಸಾಲಕ್ಕೂ ಹೊಣೆಯಾಗಬಹುದು. ನಿದ್ರಾ ಪಾಲುದಾರನ ಕುರಿತ ಎರಡು ಅಂಕದ ಪ್ರಶ್ನೆಯ ಬೇರೂ ಇಲ್ಲಿಯೇ. ಆತ ವ್ಯವಹಾರದಲ್ಲಿ ತಲೆಹಾಕದಿದ್ದರೂ ಹೊಣೆ ಅಪರಿಮಿತವೇ. ಆದರೆ ಆತ ಪಾಲುದಾರನೆಂದು ಹೊರಗಿನವರಿಗೆ ತಿಳಿದಿರಲಿಲ್ಲವಾದರೆ ನಿವೃತ್ತಿಗೆ ನೋಟಿಸು ಬೇಕಿಲ್ಲ.

ಕಂಪನಿಯಲ್ಲಿ ಕಳೆದುಕೊಂಡವರು ಯಾರು?

ಈಗ ಅದೇ ವ್ಯಾಪಾರ ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದುಕೊಳ್ಳಿ. ಎ ಮತ್ತು ಬಿ ತಲಾ 5 ಲಕ್ಷದ ಷೇರು ಕೊಂಡು ಪೂರ್ತಿ ಹಣ ಕಟ್ಟಿದ್ದಾರೆ. ಕಂಪನಿ ಮುಳುಗಿದಾಗ ಆ 10 ಲಕ್ಷ ಹೋಗುತ್ತದೆ. ಅಲ್ಲಿಗೆ ಷೇರುದಾರರ ಹೊಣೆ ಮುಗಿಯಿತು. 10 ರೂಪಾಯಿ ಮುಖಬೆಲೆಯ ಷೇರಿಗೆ 7 ರೂಪಾಯಿ ಮಾತ್ರ ಕಟ್ಟಿದ್ದರೆ ಉಳಿದ 3 ರೂಪಾಯಿ ಕೊಡಬೇಕಾಗುತ್ತಿತ್ತು. ಹೊಣೆ ಷೇರಿನ ಪಾವತಿಯಾಗದ ಮೊತ್ತಕ್ಕೆ ಸೀಮಿತ ಎಂದರೆ ಇಷ್ಟೇ ಅರ್ಥ.

ನಷ್ಟವೇನೂ ಮಾಯವಾಗಲಿಲ್ಲ. ಬ್ಯಾಂಕಿನ 2 ಲಕ್ಷ, ಪೂರೈಕೆದಾರರ 10 ಲಕ್ಷ ಹಾಗೇ ನಿಂತಿದೆ. ಕಂಪನಿಯಲ್ಲಿ ಆಸ್ತಿ ಉಳಿದಿಲ್ಲ, ಷೇರುದಾರರ ಮನೆಗೆ ಹೋಗುವಂತಿಲ್ಲ. ಹಾಗಾಗಿ ಮಾಲೀಕರು ಹೊರುತ್ತಿದ್ದ ನಷ್ಟವನ್ನು ಸಾಲ ಕೊಟ್ಟವರು ಹೊರುತ್ತಾರೆ.

ಬ್ಯಾಂಕಿಗೆ ಇದು ಚೆನ್ನಾಗಿ ಗೊತ್ತು. ಸಣ್ಣ ಖಾಸಗಿ ಕಂಪನಿಗೆ ಸಾಲ ಕೊಡುವಾಗ ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಅದು ಸಾಮಾನ್ಯವಾಗಿ ಕೇಳುವುದು ಅದಕ್ಕೇ. ಎ ಜಾಮೀನುಪತ್ರಕ್ಕೆ ಸಹಿ ಹಾಕಿದ್ದರೆ, ಆ 2 ಲಕ್ಷವನ್ನು ಅವನಿಂದ ವಸೂಲು ಮಾಡಬಹುದು. ಇಲ್ಲಿ ಎ ಹಣ ಕೊಡುವುದು ಷೇರುದಾರನಾಗಿ ಅಲ್ಲ, ನಿರ್ದೇಶಕನಾಗಿಯೂ ಅಲ್ಲ. ಬ್ಯಾಂಕಿನ ಜೊತೆ ತಾನು ಬೇರೆಯಾಗಿ ಮಾಡಿಕೊಂಡ ಒಪ್ಪಂದದ ಪ್ರಕಾರ ಕೊಡುತ್ತಾನೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ಕಂಪನಿಯ ಆಸ್ತಿ ಮಾರಿ ಮುಗಿಯುವವರೆಗೆ ಬ್ಯಾಂಕು ಕಾಯಬೇಕೆಂದೂ ಇಲ್ಲ, ಮೊದಲೇ ಎ ಮೇಲೆ ಪೂರ್ತಿ 20 ಲಕ್ಷಕ್ಕೆ ಹೋಗಬಹುದು. ಎ ಅದನ್ನು ಕಟ್ಟಿದರೆ ಬ್ಯಾಂಕಿನ ಜಾಗಕ್ಕೆ ತಾನು ಬಂದು, ಬ್ಯಾಂಕಿಗಿದ್ದ ಭದ್ರತೆಯಿಂದ 18 ಲಕ್ಷ ಪಡೆಯುವ ಹಕ್ಕು ಅವನದ್ದಾಗುತ್ತದೆ. ಕೊನೆಗೆ ಲೆಕ್ಕ ಅದೇ 2 ಲಕ್ಷಕ್ಕೆ ಬಂದು ನಿಲ್ಲುತ್ತದೆ, ಆದರೆ ಅಷ್ಟರೊಳಗೆ ಮನೆ ಮಾರಾಟವಾಗಿರಬಹುದು.

ಮೊದಲಲ್ಲಿ ಹೇಳಿದ ಸುದ್ದಿಯ ಗುಟ್ಟು ಇದು. ಬ್ಯಾಂಕು ಮನೆಗೆ ಬಂದದ್ದು ಕಂಪನಿಯ ಸಾಲ ಹಿಡಿದುಕೊಂಡು ಅಲ್ಲ, ಜಾಮೀನುಪತ್ರ ಹಿಡಿದುಕೊಂಡು.

ಕೋರ್ಟಿನಲ್ಲಿ ನಡೆದ ವಾದ

2021ರ ಪ್ರಕರಣದಲ್ಲಿ ಜಾಮೀನುದಾರರು ಎತ್ತಿದ ಆಕ್ಷೇಪಗಳಲ್ಲಿ ಒಂದು ತಾರ್ಕಿಕವಾಗಿಯೇ ಕಾಣುತ್ತದೆ. ದಿವಾಳಿ ಪ್ರಕ್ರಿಯೆಯಲ್ಲಿ, ಕಂಪನಿಯನ್ನು ಮುಚ್ಚದೆ ಸಾಲ ಇತ್ಯರ್ಥ ಮಾಡುವ ಪರಿಹಾರ ಯೋಜನೆಗೆ ಒಪ್ಪಿಗೆ ಸಿಕ್ಕರೆ ಕಂಪನಿಯ ಹಳೆಯ ಸಾಲಕ್ಕೆ ತೆರೆ ಬೀಳುತ್ತದೆ. ಮೂಲ ಸಾಲವೇ ಇಲ್ಲವೆಂದಮೇಲೆ ಜಾಮೀನು ಎಲ್ಲಿಯದು ಎಂದು ಅವರು ಕೇಳಿದರು. ಕೋರ್ಟು ಒಪ್ಪಲಿಲ್ಲ. ಸಾಲ ಕೊಟ್ಟವನು ತಾನಾಗಿ ಮನಸ್ಸು ಮಾಡಿ ಸಾಲಗಾರನನ್ನು ಬಿಡುಗಡೆ ಮಾಡಿದರೆ ಜಾಮೀನುದಾರನೂ ಬಿಡುಗಡೆಯಾಗುತ್ತಾನೆ. ಕಾನೂನಿನ ಪ್ರಕ್ರಿಯೆಯಿಂದ ಕಂಪನಿಗೆ ಬಿಡುಗಡೆ ಸಿಕ್ಕರೆ ಹಾಗಲ್ಲ, ಜಾಮೀನು ತನ್ನಷ್ಟಕ್ಕೆ ಕರಗುವುದಿಲ್ಲ ಎಂದಿತು.

ನೀತಿಯ ಮಟ್ಟದಲ್ಲೂ ಎರಡು ಪಕ್ಷಗಳಿವೆ. ಹೊಣೆಗೆ ಮಿತಿ ಇಲ್ಲದಿದ್ದರೆ ಯಾರೂ ದೊಡ್ಡ ಸಾಹಸಕ್ಕೆ ಇಳಿಯುವುದಿಲ್ಲ, ದಿನನಿತ್ಯದ ಆಡಳಿತದಲ್ಲಿಲ್ಲದವರು ಹಣ ಹೂಡುವುದಿಲ್ಲ ಎಂಬುದು ಒಂದು ವಾದ. ಜಾಮೀನು ಕೇಳುವ ಪದ್ಧತಿ ಸಣ್ಣ ಕಂಪನಿಗಳ ಪಾಲಿಗೆ ಸೀಮಿತ ಹೊಣೆಯನ್ನೇ ಅಳಿಸಿಹಾಕುತ್ತಿದೆ ಎಂದು ಈ ಪಕ್ಷದವರು ದೂರುತ್ತಾರೆ. ತನ್ನ ಕಿಸೆಯಿಂದ ಏನೂ ಹೋಗದಿದ್ದರೆ ಪ್ರವರ್ತಕ ಬೇರೆಯವರ ಹಣದಲ್ಲಿ ಜೂಜಾಡುತ್ತಾನೆ, ಜಾಮೀನು ಅವನನ್ನು ಹದ್ದುಬಸ್ತಿನಲ್ಲಿಡುತ್ತದೆ ಎಂಬುದು ಬ್ಯಾಂಕುಗಳ ಕಡೆಯ ವಾದ.

ಎರಡರಲ್ಲೂ ಹುರುಳಿದೆ. ಆದರೆ ನಮ್ಮ ಉದಾಹರಣೆಯ ಪೂರೈಕೆದಾರರು ಈ ಚರ್ಚೆಯಲ್ಲಿ ಎಲ್ಲೂ ಕಾಣುವುದಿಲ್ಲ. ಬ್ಯಾಂಕಿಗೆ ಭದ್ರತೆಯೂ ಇತ್ತು, ಜಾಮೀನೂ ಇತ್ತು, ಅದರ 20 ಲಕ್ಷ ಪೂರ್ತಿ ಬಂತು. ಸರಕು ಕಡ ಕೊಟ್ಟವರ 10 ಲಕ್ಷದಲ್ಲಿ ಒಂದು ರೂಪಾಯಿಯೂ ಬರಲಿಲ್ಲ. ಅವರಿಗೆ ಜಾಮೀನು ಕೇಳುವ ಬಲವಿರಲಿಲ್ಲ. ಸೀಮಿತ ಹೊಣೆಯ ಬಿಸಿ ನಿಜವಾಗಿ ತಟ್ಟುವುದು ಚೌಕಾಸಿ ಮಾಡಲಾರದವರಿಗೆ. ಸಾಲೊಮನ್ ಪ್ರಕರಣದಲ್ಲಿ ಕೈಬರಿದಾದವರೂ ಇಂಥವರೇ.

ಜಾಮೀನು ಇಲ್ಲದಿದ್ದರೂ ರಕ್ಷಣೆ ಕಳಚುವ ಸಂದರ್ಭಗಳಿವೆ. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದಿಂದಲೇ ವ್ಯವಹಾರ ನಡೆಸಿದ್ದು ಸಾಬೀತಾದರೆ, ತಿಳಿದೂ ಅದರಲ್ಲಿ ಭಾಗಿಯಾದವರು ಸ್ವತಃ ಹೊಣೆಯಾಗುತ್ತಾರೆ. ಖಾಸಗಿ ಕಂಪನಿಯಿಂದ ಆದಾಯ ತೆರಿಗೆಯಾಗಲಿ ಜಿಎಸ್‌ಟಿಯಾಗಲಿ ವಸೂಲಾಗದಿದ್ದರೆ, ಅದಕ್ಕೆ ತಮ್ಮ ಘೋರ ನಿರ್ಲಕ್ಷ್ಯ ಕಾರಣವಲ್ಲ ಎಂದು ನಿರ್ದೇಶಕರೇ ತೋರಿಸಬೇಕು. ಇಲ್ಲಿ ಹೊಣೆ ಬರುವುದು ನಿರ್ದೇಶಕನಿಗೆ, ಬರೀ ಷೇರು ಹಿಡಿದವನಿಗಲ್ಲ. ಸಣ್ಣ ಕಂಪನಿಯಲ್ಲಿ ಇಬ್ಬರೂ ಒಬ್ಬನೇ ಆಗಿರುವುದರಿಂದ ವಿದ್ಯಾರ್ಥಿಗಳು ಎರಡೂ ಪಾತ್ರಗಳನ್ನು ಒಂದೆಂದು ಬರೆದುಬಿಡುತ್ತಾರೆ.

ಉಳಿದ ವ್ಯತ್ಯಾಸಗಳು ಇದರಿಂದಲೇ

ಸಾಲ ಯಾರದ್ದು ಎಂಬುದು ತಿಳಿದರೆ ಕೋಷ್ಟಕದ ಉಳಿದ ಸಾಲುಗಳನ್ನು ತಾವಾಗಿಯೇ ಬರೆಯಬಹುದು. ಅಸ್ತಿತ್ವದ ಅವಧಿಯನ್ನು ನೋಡಿ. ಏಕಮಾಲೀಕ ಸತ್ತರೆ ವಾರಸುದಾರರು ವ್ಯಾಪಾರ ಮುಂದುವರಿಸಬಹುದು, ಆದರೆ ಕಾನೂನಿನಲ್ಲಿ ಅದು ಅವರ ಹೊಸ ವ್ಯಾಪಾರ. ಫರ್ಮ್ ಒಂದು ಸಂಬಂಧವಾದ್ದರಿಂದ, ಬೇರೆ ಒಪ್ಪಂದವಿಲ್ಲದಿದ್ದರೆ, ಒಬ್ಬ ಪಾಲುದಾರನ ಸಾವಿನಿಂದ ವಿಸರ್ಜನೆಯಾಗುತ್ತದೆ. ಒಪ್ಪಂದವಿದ್ದರೂ ಇಬ್ಬರೇ ಇದ್ದ ಫರ್ಮಿನಲ್ಲಿ ಒಬ್ಬ ಸತ್ತರೆ ಅದು ಉಳಿಯದು, ಒಬ್ಬನೇ ಪಾಲುದಾರಿಕೆ ನಡೆಸಲು ಆಗುವುದಿಲ್ಲವಲ್ಲ. ಕಂಪನಿಯಾದರೆ ಷೇರುಗಳು ವಾರಸುದಾರರಿಗೆ ಹೋಗುತ್ತವೆ, ಕಂಪನಿ ಇದ್ದಲ್ಲೇ ಇರುತ್ತದೆ.

ಪಾಲಿನ ವರ್ಗಾವಣೆಯಲ್ಲೂ ಇದೇ ತರ್ಕ. ಪಾಲುದಾರ ತನ್ನ ಜಾಗಕ್ಕೆ ಇನ್ನೊಬ್ಬನನ್ನು ತಾನೇ ತಂದು ಕೂರಿಸಲಾರ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದರೆ ಎಲ್ಲರ ಒಪ್ಪಿಗೆ ಬೇಕು. ತನ್ನ ಮನೆಯನ್ನೇ ಪಣಕ್ಕಿಟ್ಟವನು ಯಾರ ಜೊತೆ ಎಂಬುದನ್ನು ಆರಿಸಿಕೊಳ್ಳುವುದು ನ್ಯಾಯವೇ. ಕಂಪನಿಯ ಷೇರು ಕೈಬದಲಾದರೆ ಉಳಿದ ಷೇರುದಾರರ ಹೊಣೆ ಹೆಚ್ಚುವುದಿಲ್ಲ. ಆದರೂ ಖಾಸಗಿ ಕಂಪನಿ ತನ್ನ ನಿಯಮಾವಳಿಯಲ್ಲಿ ಷೇರು ವರ್ಗಾವಣೆಗೆ ನಿರ್ಬಂಧ ಹಾಕಲೇಬೇಕು, ಅದರ ವ್ಯಾಖ್ಯೆಯೇ ಹಾಗಿದೆ. ಸಾರ್ವಜನಿಕರನ್ನು ಷೇರು ಕೊಳ್ಳಲು ಕರೆಯುವಂತಿಲ್ಲ ಎಂಬುದೂ ಅದೇ ವ್ಯಾಖ್ಯೆಯ ಭಾಗ.

ಕಂಪನಿಗೆ ಮಾತ್ರ ಇಷ್ಟೊಂದು ಕಾಗದಪತ್ರ ಏಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಏಕಮಾಲೀಕನಿಗೆ ಸಾಲ ಕೊಡುವವನು ಆ ಮನುಷ್ಯನನ್ನು ನೋಡಿ ಕೊಡುತ್ತಾನೆ. ಕಂಪನಿಗೆ ಕೊಡುವವನಿಗೆ ಕಂಪನಿಯ ಆಸ್ತಿ ಬಿಟ್ಟರೆ ಬೇರೆ ಆಸರೆಯಿಲ್ಲ. ಹಾಗಾಗಿ ಆ ಆಸ್ತಿಯ ಸ್ಥಿತಿ ಎಲ್ಲರಿಗೂ ಕಾಣಬೇಕೆಂದು ಕಾನೂನು ಬಯಸುತ್ತದೆ. ಲೆಕ್ಕಪರಿಶೋಧನೆ, ವರ್ಷವರ್ಷವೂ ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸುವ ಹಣಕಾಸು ಪಟ್ಟಿ ಮತ್ತು ವಾರ್ಷಿಕ ವಿವರಣೆ, ಅಡಮಾನಗಳ ನೋಂದಣಿ ಇವೆಲ್ಲ ಸೀಮಿತ ಹೊಣೆಗೆ ತೆರುವ ಬೆಲೆ. ಲಾಭವಿಲ್ಲದಿದ್ದರೂ ವಹಿವಾಟೇ ಇಲ್ಲದಿದ್ದರೂ ಇವನ್ನು ಸಲ್ಲಿಸಬೇಕು, ತಡವಾದರೆ ದಿನಲೆಕ್ಕದಲ್ಲಿ ಹೆಚ್ಚುವರಿ ಶುಲ್ಕ ಬೀಳುತ್ತದೆ. ಅನುಕೂಲ ಅನನುಕೂಲಗಳ ಉತ್ತರದಲ್ಲಿ ಈ ಕಾರಣವನ್ನು ಒಂದು ವಾಕ್ಯದಲ್ಲಿ ಸೇರಿಸಿದರೂ ಬರೀ ಪಟ್ಟಿಯಾಗಿದ್ದದ್ದು ಉತ್ತರವಾಗುತ್ತದೆ.

ಪಾಲುದಾರಿಕೆಯ ಸರಳತೆಯೂ ಬೇಕು, ಸೀಮಿತ ಹೊಣೆಯೂ ಬೇಕು ಎನ್ನುವವರಿಗೆ 2008ರ ಕಾಯ್ದೆಯಡಿ ಸೀಮಿತ ಹೊಣೆಯ ಪಾಲುದಾರಿಕೆ, ಅಂದರೆ ಎಲ್ಎಲ್‌ಪಿ, ಬಂದಿದೆ. ಅದು ಪ್ರತ್ಯೇಕ ಕಾನೂನಾತ್ಮಕ ವ್ಯಕ್ತಿ. 1932ರ ಕಾಯ್ದೆಯ ಫರ್ಮಿನ ಜೊತೆ ಅದನ್ನು ಬೆರೆಸಬಾರದು.

ಹಳೆಯ ಗೈಡುಗಳ ಅಂಕಿಗಳು

ಪರೀಕ್ಷೆಗೆ ಓದುವವರು ಕೆಲವು ಅಂಕಿಗಳನ್ನು ಸರಿಪಡಿಸಿಕೊಳ್ಳಬೇಕು. ಖಾಸಗಿ ಕಂಪನಿಗೆ ಕನಿಷ್ಠ 1 ಲಕ್ಷ ರೂಪಾಯಿ ಪಾವತಿ ಬಂಡವಾಳ ಬೇಕೆಂದು ಕೆಲವು ಗೈಡುಗಳಲ್ಲಿ ಈಗಲೂ ಇದೆ. 2015ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಸದಸ್ಯರ ಗರಿಷ್ಠ ಸಂಖ್ಯೆ 50 ಎಂಬುದು 1956ರ ಕಾಯ್ದೆಯ ಕಾಲದ್ದು, ಈಗ 200. ಕನಿಷ್ಠ ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರು ಎಂಬುದು ಬದಲಾಗಿಲ್ಲ. ಒಬ್ಬನೇ ಕಂಪನಿ ಕಟ್ಟಬೇಕೆಂದರೆ ಏಕವ್ಯಕ್ತಿ ಕಂಪನಿ ಎಂಬ ಬೇರೆ ದಾರಿ 2013ರ ಕಾಯ್ದೆಯಲ್ಲಿದೆ. ಅದು ಏಕಮಾಲೀಕತ್ವವಲ್ಲ.

ಪಾಲುದಾರಿಕೆಯಲ್ಲಿ ಗರಿಷ್ಠ 20 ಮಂದಿ, ಬ್ಯಾಂಕಿಂಗ್ ವ್ಯವಹಾರಕ್ಕೆ 10 ಎಂಬುದೂ ಹಳೆಯ ಮಾತು. 1932ರ ಕಾಯ್ದೆಯಲ್ಲಿ ಗರಿಷ್ಠ ಸಂಖ್ಯೆಯನ್ನು ಹೇಳಿಯೇ ಇಲ್ಲ. ಅದು ಬರುವುದು ಕಂಪನಿಗಳ ಕಾಯ್ದೆಯಿಂದ. 2013ರ ಕಾಯ್ದೆಯ 464ನೇ ಕಲಂ 100ರವರೆಗೆ ನಿಗದಿ ಮಾಡಲು ಅವಕಾಶ ಕೊಟ್ಟಿದೆ, ಅದರಡಿ ಮಾಡಿದ 2014ರ ನಿಯಮಗಳು 50ಕ್ಕೆ ನಿಲ್ಲಿಸಿವೆ. 100 ಎಂದು ಬರೆದವರೂ 50 ಎಂದು ಬರೆದವರೂ ಜಗಳವಾಡುವುದು ಈ ಎರಡು ಹಂತ ಗೊತ್ತಿಲ್ಲದ್ದರಿಂದ.

ಕೊನೆಯದಾಗಿ ಫರ್ಮಿನ ನೋಂದಣಿ. ಅದು ಕಡ್ಡಾಯವಲ್ಲ ಎಂದಷ್ಟೇ ಬರೆದು ನಿಲ್ಲಿಸಿದರೆ ಅರ್ಧ ಉತ್ತರ. 69ನೇ ಕಲಂ ಪ್ರಕಾರ ನೋಂದಣಿಯಾಗದ ಫರ್ಮ್ ತನ್ನ ಒಪ್ಪಂದದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಪಾಲುದಾರನೂ ಒಪ್ಪಂದದ ಹಕ್ಕಿಗಾಗಿ ಫರ್ಮಿನ ಮೇಲಾಗಲಿ ಸಹಪಾಲುದಾರನ ಮೇಲಾಗಲಿ ದಾವೆ ಹೂಡುವಂತಿಲ್ಲ. ಫರ್ಮನ್ನು ವಿಸರ್ಜಿಸಿ, ವಿಸರ್ಜಿತ ಫರ್ಮಿನ ಲೆಕ್ಕ ಕೊಡಿ ಎಂದು ಕೇಳುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಹೊರಗಿನವರಿಗೆ ಈ ನಿರ್ಬಂಧ ಯಾವುದೂ ಇಲ್ಲ. ಅವರು ಫರ್ಮಿನ ಮೇಲೂ, ಎ ಮೇಲೂ, ಬಿ ಮೇಲೂ ದಾವೆ ಹೂಡಬಹುದು.